ಮೈಲ್‌ಸ್ಟೋನ್ ಪೇಮೆಂಟ್: ದುಡ್ಡು ಎಸ್ಕ್ರೋಗೆ ಬೀಳುವುದರಿಂದ ನಿಮ್ಮ ಬ್ಯಾಂಕಿಗೆ ಬರುವ ತನಕ

ಫ್ರೀಲಾನ್ಸ್ ಕೆಲಸದಲ್ಲಿ ದುಡ್ಡು ಸಿಕ್ಕಿಹಾಕಿಕೊಳ್ಳುವುದು ಹೆಚ್ಚಾಗಿ ಎರಡು ಜಾಗದಲ್ಲಿ. ಒಂದು, ಕ್ಲೈಂಟ್ ದುಡ್ಡು ಇಡುವ ಮೊದಲೇ ಕೆಲಸ ಶುರು ಮಾಡಿದಾಗ. ಇನ್ನೊಂದು, ಕೆಲಸ ಮುಗಿದಿದೆ ಅಂತ ನೀವು ಹೇಳುತ್ತೀರಿ, ಇನ್ನೂ ಮುಗಿದಿಲ್ಲ ಅಂತ ಅವರು ಹೇಳುತ್ತಾರೆ, ಯಾರು ಸರಿ ಅಂತ ತೋರಿಸಲು ಬರೆದಿಟ್ಟದ್ದು ಏನೂ ಇಲ್ಲ. ಮೊದಲನೆಯದಕ್ಕೆ ಎಸ್ಕ್ರೋ ಇದೆ, ಅಂದರೆ ಕ್ಲೈಂಟ್ ಮೊದಲೇ ಹಾಕಿದ ದುಡ್ಡನ್ನು ಕೆಲಸ ಒಪ್ಪುವ ತನಕ ನಡುವಿನವರು ಹಿಡಿದಿಡುವ ವ್ಯವಸ್ಥೆ. ಎರಡನೆಯದನ್ನು ಎಸ್ಕ್ರೋ ಸರಿ ಮಾಡುವುದಿಲ್ಲ, ಅದನ್ನು ನೀವೇ ಬರೆಯಬೇಕು. ಈ ಬರಹದ ಹೆಚ್ಚಿನ ಭಾಗ ಆ ಬರೆಯುವ ಕೆಲಸದ ಬಗ್ಗೆಯೇ.

ಉದಾಹರಣೆಗೆ ಫ್ರೀಲಾನ್ಸ್ ಕೆಲಸ ಸಿಗುವ ಪ್ಲಾಟ್‌ಫಾರ್ಮ್ ಅಪ್‌ವರ್ಕ್‌ನ ಫಿಕ್ಸೆಡ್ ಪ್ರೈಸ್ ಕಾಂಟ್ರಾಕ್ಟ್, ಅಂದರೆ ಒಟ್ಟು ಮೊತ್ತ ಮೊದಲೇ ಗೊತ್ತುಮಾಡಿದ ಕಾಂಟ್ರಾಕ್ಟ್ ತೆಗೆದುಕೊಳ್ಳುತ್ತೇನೆ. ನಮ್ಮ ಕಡೆಯ ಡಿಸೈನರ್‌ಗಳು, ಡೆವಲಪರ್‌ಗಳು, ಅನುವಾದಕರು ಹೊರದೇಶದ ಕ್ಲೈಂಟ್‌ಗಳ ಜೊತೆ ಕೆಲಸ ಮಾಡುವಾಗ ಜಾಸ್ತಿ ಎದುರಾಗುವುದು ಇದೇ. ಗಂಟೆ ಲೆಕ್ಕದ ಕಾಂಟ್ರಾಕ್ಟ್‌ಗೆ ಬೇರೆಯದೇ ನಿಯಮ ಇದೆ, ಅದು ಇಲ್ಲಿ ಬರುವುದಿಲ್ಲ. ಕೊನೆಗೆ, ಕ್ಲೈಂಟ್ ಬೆಂಗಳೂರಿನಲ್ಲೇ ಇದ್ದು ನಡುವೆ ಯಾವ ಪ್ಲಾಟ್‌ಫಾರ್ಮೂ ಇಲ್ಲದಿದ್ದರೆ ಏನು ಮಾಡಬೇಕು ಅಂತಲೂ ಹೇಳುತ್ತೇನೆ.

ದುಡ್ಡು ಯಾರ ಕೈಯಲ್ಲಿರುತ್ತದೆ

ಕ್ಲೈಂಟ್ ಒಂದು ಮೈಲ್‌ಸ್ಟೋನ್‌ಗೆ, ಅಂದರೆ ಕೆಲಸದ ಒಂದು ಹಂತಕ್ಕೆ, ದುಡ್ಡು ಹಾಕಿದಾಗ ಅದು ನಿಮ್ಮ ಹತ್ತಿರ ಬರುವುದಿಲ್ಲ, ಅವರ ಹತ್ತಿರವೂ ಉಳಿಯುವುದಿಲ್ಲ. ನಡುವೆ ಎಸ್ಕ್ರೋ ಖಾತೆಯಲ್ಲಿ ಕೂತಿರುತ್ತದೆ. ಕ್ಲೈಂಟ್ ಒಪ್ಪಿದರೆ ನಿಮಗೆ ಬರುತ್ತದೆ. ನೀವು ಒಪ್ಪಿದರೆ ಅವರಿಗೆ ವಾಪಸ್ ಹೋಗುತ್ತದೆ. ಇಬ್ಬರೂ ಒಪ್ಪದಿದ್ದರೆ ಜಗಳ ಬಗೆಹರಿಸುವ ದಾರಿಗೆ ಹೋಗುತ್ತದೆ. ಕ್ಲೈಂಟ್‌ಗೆ ಬೇಜಾರಾಯಿತು ಅಂತ ಒಬ್ಬರೇ ಕೂತು ಎಸ್ಕ್ರೋದಿಂದ ದುಡ್ಡು ವಾಪಸ್ ಎಳೆದುಕೊಳ್ಳಲು ಆಗುವುದಿಲ್ಲ. ನಿಮಗಿರುವ ರಕ್ಷಣೆ ಇಷ್ಟೇ, ಆದರೆ ಇದು ಗಟ್ಟಿ ರಕ್ಷಣೆ.

ಇದಕ್ಕೆ ಒಂದು ಮಿತಿ ಇದೆ. ಎಸ್ಕ್ರೋ ಕಾಯುವುದು ಅದರೊಳಗೆ ಬಿದ್ದ ದುಡ್ಡನ್ನು ಮಾತ್ರ. ಸಾವಿರ ಡಾಲರ್‌ನ ಕಾಂಟ್ರಾಕ್ಟ್‌ನಲ್ಲಿ ಈಗ ಎಸ್ಕ್ರೋದಲ್ಲಿ ಇನ್ನೂರು ಇದ್ದರೆ ನಿಮಗೆ ಭದ್ರತೆ ಇರುವುದು ಇನ್ನೂರಕ್ಕೆ. ಉಳಿದ ಎಂಟುನೂರು ಬರೀ ಮಾತು. ಕ್ಲೈಂಟ್ ಹೆಸರಿನ ಪಕ್ಕ `Payment verified` ಅಂತ ಇರುತ್ತದಲ್ಲ, ಅದರ ಅರ್ಥ ಅವರು ದುಡ್ಡು ಕಟ್ಟುವ ವಿಧಾನವೊಂದನ್ನು ಸೇರಿಸಿದ್ದಾರೆ ಅಂತ ಮಾತ್ರ. ನಿಮ್ಮ ಕೆಲಸಕ್ಕೆ ದುಡ್ಡು ಇಟ್ಟಿದ್ದಾರೆ ಅಂತ ಅಲ್ಲ. ಹೊಸಬರು ಇವೆರಡನ್ನೂ ಒಂದೇ ಅಂದುಕೊಳ್ಳುವುದು ತುಂಬ ಸಾಮಾನ್ಯ.

ಮೊದಲ ಹೆಜ್ಜೆ: ಕೆಲಸವನ್ನು ಎಲ್ಲಿ ಕತ್ತರಿಸಬೇಕು

ಒಂದು ಕೆಲಸವನ್ನು ಕಲ್ಪಿಸಿಕೊಳ್ಳೋಣ. ನೀವು ಹುಬ್ಬಳ್ಳಿಯಲ್ಲಿ ಕೂತು ವೆಬ್‌ಸೈಟ್ ಮಾಡುತ್ತೀರಿ. ಮೆಲ್ಬರ್ನ್‌ನ ಒಂದು ಹಲ್ಲಿನ ಕ್ಲಿನಿಕ್‌ಗೆ ಆರು ಪುಟದ ವರ್ಡ್‌ಪ್ರೆಸ್ ಸೈಟ್ ಬೇಕು. ಅದರಲ್ಲಿ ಅಪಾಯಿಂಟ್‌ಮೆಂಟ್ ಕೇಳುವ ಒಂದು ಫಾರ್ಮ್ ಇರಬೇಕು. ಮಾತಾಡಿ 1,000 ಡಾಲರ್‌ಗೆ ಒಪ್ಪಿದ್ದೀರಿ.

ಇಂಥ ಕಡೆ ತುಂಬ ಜನ "ಅರ್ಧ ಮೊದಲು, ಅರ್ಧ ಆಮೇಲೆ" ಅಂತ ಕತ್ತರಿಸುತ್ತಾರೆ. ಇಲ್ಲವೇ 25 ಪರ್ಸೆಂಟ್ ಮುಗಿದಾಗ, 50 ಪರ್ಸೆಂಟ್ ಮುಗಿದಾಗ ಅಂತ ಬರೆಯುತ್ತಾರೆ. ಇದು ಬೇಡ. ಐವತ್ತು ಪರ್ಸೆಂಟ್ ಮುಗಿದಿದೆಯೋ ಇಲ್ಲವೋ ಅಂತ ಯಾರು ಅಳೆಯುತ್ತಾರೆ? ನಿಮ್ಮ ಲೆಕ್ಕದ ಅರ್ಧ ಬೇರೆ, ಅವರ ಲೆಕ್ಕದ ಅರ್ಧ ಬೇರೆ. ಕತ್ತರಿಸಬೇಕಾದ್ದು ಕೆಲಸದ ಪ್ರಮಾಣವನ್ನಲ್ಲ, ಕೈಗೆ ಕೊಡಬಹುದಾದ ವಸ್ತುವನ್ನು. ಪ್ರತಿ ಮೈಲ್‌ಸ್ಟೋನ್ ಕೊನೆಗೆ ಕ್ಲೈಂಟ್ ತೆರೆದು ನೋಡಿ "ಹೌದು ಇದೆ" ಅಥವಾ "ಇಲ್ಲ" ಅಂತ ಹೇಳಬಹುದಾದ ಏನೋ ಒಂದು ಇರಬೇಕು.

ಈ ಕ್ಲಿನಿಕ್ ಕೆಲಸವನ್ನು ನಾನಾದರೆ ಹೀಗೆ ನಾಲ್ಕು ತುಂಡು ಮಾಡುತ್ತೇನೆ:

1. ಮುಖಪುಟದ ಡಿಸೈನ್, ಫಿಗ್ಮಾದಲ್ಲಿ, ಕಂಪ್ಯೂಟರ್ ಮತ್ತು ಮೊಬೈಲ್ ಎರಡಕ್ಕೂ: 200 ಡಾಲರ್
2. ಆರೂ ಪುಟ ಕಟ್ಟಿ ಸ್ಟೇಜಿಂಗ್ ಸೈಟ್‌ನಲ್ಲಿ, ಅಂದರೆ ಲೈವ್ ಆಗುವ ಮೊದಲಿನ ಪರೀಕ್ಷೆಯ ಸೈಟ್‌ನಲ್ಲಿ, ತೋರಿಸುವುದು: 400 ಡಾಲರ್
3. ಅಪಾಯಿಂಟ್‌ಮೆಂಟ್ ಫಾರ್ಮ್ ಕೆಲಸ ಮಾಡುವ ಹಾಗೆ ಮಾಡುವುದು: 250 ಡಾಲರ್
4. ಕ್ಲಿನಿಕ್‌ನ ಡೊಮೈನ್‌ಗೆ ಹಾಕಿ, ಲಾಗಿನ್‌ಗಳನ್ನು ಒಪ್ಪಿಸುವುದು: 150 ಡಾಲರ್

ಮೊತ್ತಗಳ ಹಂಚಿಕೆಗೆ ಕಾರಣ ಇದೆ. ಮೊದಲನೆಯದು ಚಿಕ್ಕದು, ಯಾಕೆಂದರೆ ಇಬ್ಬರೂ ಒಬ್ಬರನ್ನೊಬ್ಬರು ನೋಡುವ ಹಂತ ಅದು. ಕ್ಲೈಂಟ್ ಹೇಗೆ ಉತ್ತರ ಕೊಡುತ್ತಾರೆ, ಎಷ್ಟು ಬೇಗ ಒಪ್ಪುತ್ತಾರೆ, ಬದಲಾವಣೆ ಹೇಗೆ ಕೇಳುತ್ತಾರೆ ಎಲ್ಲ ಅಲ್ಲೇ ಗೊತ್ತಾಗುತ್ತದೆ. ಕೊನೆಯದು ಇನ್ನೂ ಚಿಕ್ಕದು. ಸೈಟ್ ಲೈವ್ ಆದಮೇಲೆ ಕ್ಲೈಂಟ್‌ಗೆ ಬೇಕಾದ್ದು ಸಿಕ್ಕಿಬಿಟ್ಟಿರುತ್ತದೆ, ಒಪ್ಪಿಗೆ ಕೊಡುವ ಆತುರ ಹೋಗಿರುತ್ತದೆ, ಆಗ ದೊಡ್ಡ ಮೊತ್ತ ಬಾಕಿ ಇರುವುದು ನಿಮಗೆ ಒಳ್ಳೆಯದಲ್ಲ. ಹಾಗಂತ ಕೊನೆಯದನ್ನು ಇಪ್ಪತ್ತು ಡಾಲರ್‌ಗೆ ಇಳಿಸಿದರೆ ಕ್ಲೈಂಟ್‌ಗೆ ಭಯ ಬರುತ್ತದೆ, ಇವರು ದುಡ್ಡು ತೆಗೆದುಕೊಂಡು ಕೊನೆಯ ಕೆಲಸ ಬಿಟ್ಟು ಹೋಗುತ್ತಾರೇನೋ ಅಂತ. ಅವರ ಭಯವೂ ನ್ಯಾಯವೇ. ನೂರೈವತ್ತು ಇಬ್ಬರಿಗೂ ಸಹಿಸಬಹುದಾದ ಮೊತ್ತ.

ತುಂಬ ಸಣ್ಣ ಸಣ್ಣ ತುಂಡು ಮಾಡಬೇಡಿ. ಇದೇ ಕೆಲಸಕ್ಕೆ ಹತ್ತು ಮೈಲ್‌ಸ್ಟೋನ್ ಇಟ್ಟರೆ ಹತ್ತು ಸಲ ಅವರು ದುಡ್ಡು ಹಾಕಬೇಕು, ಹತ್ತು ಸಲ ನೀವು ಕಾಯಬೇಕು.

ಎರಡನೇ ಹೆಜ್ಜೆ: ಮೂರನೆಯವರು ಓದುತ್ತಾರೆ ಅಂದುಕೊಂಡು ಬರೆಯಿರಿ

ಮುಖ್ಯವಾದ ಹೆಜ್ಜೆ ಇದು. ಮೈಲ್‌ಸ್ಟೋನ್‌ನಲ್ಲಿ ಏನೇನು ಕೊಡುತ್ತೀರಿ ಅನ್ನುವುದನ್ನು ಕಾಂಟ್ರಾಕ್ಟ್‌ನಲ್ಲೇ ಬರೆದಿಡಬೇಕು. ಹೆಚ್ಚಿನವರು "ಮುಖಪುಟದ ಡಿಸೈನ್" ಅಂತ ಒಂದು ಸಾಲು ಬರೆದು ಬಿಡುತ್ತಾರೆ. ನಿಮಗೂ ಕ್ಲೈಂಟ್‌ಗೂ ಅದರ ಅರ್ಥ ಗೊತ್ತು, ಸರಿ. ಆದರೆ ಜಗಳ ಬಂದ ದಿನ ಅದನ್ನು ಓದುವವರು ನೀವಿಬ್ಬರೂ ಅಲ್ಲ. ಪ್ಲಾಟ್‌ಫಾರ್ಮ್‌ನ ಮಧ್ಯಸ್ಥಿಕೆ ವಿಭಾಗದ ಯಾರೋ ಒಬ್ಬರು ಓದುತ್ತಾರೆ. ಅವರಿಗೆ ನಿಮ್ಮ ಕೆಲಸ ಗೊತ್ತಿಲ್ಲ, ನಿಮ್ಮ ಫೋನ್ ಮಾತುಕತೆ ಗೊತ್ತಿಲ್ಲ. ಬರೆದದ್ದನ್ನು ಒಂದು ಕೈಯಲ್ಲಿ, ನೀವು ಕೊಟ್ಟ ಫೈಲನ್ನು ಇನ್ನೊಂದು ಕೈಯಲ್ಲಿ ಹಿಡಿದು ತಾಳೆ ನೋಡಲು ಅವರಿಗೆ ಆಗಬೇಕು.

ಮೂರನೇ ಮೈಲ್‌ಸ್ಟೋನನ್ನೇ ತೆಗೆದುಕೊಳ್ಳಿ. "ಅಪಾಯಿಂಟ್‌ಮೆಂಟ್ ಫಾರ್ಮ್" ಅಂತ ಬರೆದರೆ ನಾಳೆ ಕ್ಲೈಂಟ್ ಕ್ಯಾಲೆಂಡರ್ ಎಲ್ಲಿ, ಎಸ್‌ಎಂಎಸ್ ಎಲ್ಲಿ, ದುಡ್ಡು ಕಟ್ಟುವ ವ್ಯವಸ್ಥೆ ಎಲ್ಲಿ ಅಂತ ಕೇಳಬಹುದು. ಅವರು ಮೋಸ ಮಾಡುತ್ತಿದ್ದಾರೆ ಅಂತಲ್ಲ. ಅವರ ತಲೆಯಲ್ಲಿ ಫಾರ್ಮ್ ಅಂದರೆ ಅದೆಲ್ಲ ಸೇರಿತ್ತು. ಅದೇ ಮೈಲ್‌ಸ್ಟೋನನ್ನು ಹೀಗೆ ಬರೆಯಬಹುದು, ಕ್ಲೈಂಟ್‌ಗೆ ಅರ್ಥವಾಗುವ ಭಾಷೆಯಲ್ಲಿ:

> ಕೊಡುವುದು: ಸ್ಟೇಜಿಂಗ್ ಸೈಟ್‌ನ ಸಂಪರ್ಕ ಪುಟದಲ್ಲಿ ಒಂದು ಫಾರ್ಮ್. ಅದರಲ್ಲಿ ಹೆಸರು, ಫೋನ್, ಇಮೇಲ್, ಬೇಕಾದ ದಿನ, ಬೆಳಿಗ್ಗೆ ಅಥವಾ ಮಧ್ಯಾಹ್ನ, ಸಣ್ಣ ಟಿಪ್ಪಣಿ.
> ಪರೀಕ್ಷೆ: ಫಾರ್ಮ್ ತುಂಬಿ ಕಳಿಸಿದರೆ ಕ್ಲಿನಿಕ್ ಕೊಟ್ಟ ಒಂದು ವಿಳಾಸಕ್ಕೆ ಇಮೇಲ್ ಬರಬೇಕು, ತುಂಬಿದವರಿಗೆ ಒಪ್ಪಿಗೆಯ ಇಮೇಲ್ ಹೋಗಬೇಕು. ಫೋನ್ ಖಾಲಿ ಬಿಟ್ಟರೆ ಫಾರ್ಮ್ ಹೋಗಬಾರದು.
> ಸೇರಿಲ್ಲ: ಕ್ಯಾಲೆಂಡರ್ ಜೋಡಣೆ, ಎಸ್‌ಎಂಎಸ್, ಆನ್‌ಲೈನ್ ಪಾವತಿ.
> ಬದಲಾವಣೆ: ಎರಡು ಸುತ್ತು. ಒಂದು ಸುತ್ತು ಅಂದರೆ ಒಂದೇ ಸಂದೇಶದಲ್ಲಿ ಬಂದ ಎಲ್ಲ ತಿದ್ದುಪಡಿಗಳು.
> ಕ್ಲೈಂಟ್ ಕೊಡಬೇಕಾದ್ದು: ಇಮೇಲ್ ವಿಳಾಸ ಮತ್ತು ಒಪ್ಪಿಗೆ ಇಮೇಲ್‌ನ ಒಕ್ಕಣೆ. ಕೇಳಿದ ಏಳು ದಿನದಲ್ಲಿ ಬರದಿದ್ದರೆ ತಾತ್ಕಾಲಿಕ ವಿಳಾಸ ಮತ್ತು ಒಕ್ಕಣೆ ಹಾಕಿ ಸಲ್ಲಿಸಲಾಗುವುದು.

ಇದರಲ್ಲಿ "ಪರೀಕ್ಷೆ" ಅನ್ನುವ ಸಾಲು ನೋಡಿ. ಯಾರು ಬೇಕಾದರೂ ಫಾರ್ಮ್ ತುಂಬಿ, ಇಮೇಲ್ ಬಂತೋ ಇಲ್ಲವೋ ನೋಡಿ ಹೇಳಬಹುದು. ಚೆನ್ನಾಗಿದೆ, ಆಧುನಿಕವಾಗಿದೆ, ವೃತ್ತಿಪರವಾಗಿದೆ ಅನ್ನುವ ಪದಗಳು ಈ ಜಾಗದಲ್ಲಿ ಇರಲೇಬಾರದು. ಅವು ಕ್ಲೈಂಟ್‌ನ ಮನಸ್ಸಿನ ಮೇಲೆ ನಿಂತಿರುತ್ತವೆ, ಮನಸ್ಸನ್ನು ಯಾರೂ ಪರೀಕ್ಷಿಸಲು ಆಗುವುದಿಲ್ಲ.

ಡಿಸೈನ್‌ಗೆ ಇಂಥ ಪರೀಕ್ಷೆ ಬರೆಯುವುದು ಕಷ್ಟ, ನಿಜ. ಕ್ಲೈಂಟ್‌ಗೆ ಇಷ್ಟವಾಗಬೇಕು ಅನ್ನುವುದು ಅಲ್ಲಿ ನ್ಯಾಯವಾದ ಮಾತೇ. ಆಗ ಇಷ್ಟವನ್ನು ಅಳೆಯಲು ಹೋಗದೆ ಸುತ್ತುಗಳನ್ನು ಎಣಿಸಿ. ಒಂದು ಡಿಸೈನ್, ಎರಡು ಸುತ್ತು ತಿದ್ದುಪಡಿ, ಅಲ್ಲಿಗೆ ಆ ಹಂತ ಮುಗಿಯಿತು, ಮೂರನೇ ಸುತ್ತಿಗೆ ಇಷ್ಟು ಡಾಲರ್. ಇದನ್ನು ಮೊದಲೇ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕೆಲಸದ ನಡುವೆ ಹೇಳಿದರೆ ಎಲ್ಲರೂ ಮಾಡಿಕೊಳ್ಳುತ್ತಾರೆ.

"ಕ್ಲೈಂಟ್ ಕೊಡಬೇಕಾದ್ದು" ಅನ್ನುವ ಸಾಲನ್ನೂ ಬಿಡಬೇಡಿ. ಸೈಟ್ ಕೆಲಸಗಳು ನಿಲ್ಲುವುದು ಬಹಳ ಸಲ ಫೋಟೋ ಬಂದಿಲ್ಲ, ಡಾಕ್ಟರ್ ಪರಿಚಯ ಬರೆದು ಕೊಟ್ಟಿಲ್ಲ ಅನ್ನುವ ಕಾರಣಕ್ಕೇ. ಆ ಸಾಲು ಇಲ್ಲದಿದ್ದರೆ ನೀವು ತಿಂಗಳುಗಟ್ಟಲೆ ಕಾಯುತ್ತೀರಿ. ಎಸ್ಕ್ರೋದಲ್ಲಿ ದುಡ್ಡು ಇದ್ದರೂ ಸಲ್ಲಿಸಲು ನಿಮ್ಮ ಕೈಯಲ್ಲಿ ಏನೂ ಇರುವುದಿಲ್ಲ.

ಮೂರನೇ ಹೆಜ್ಜೆ: ದುಡ್ಡು ಬಿದ್ದಿದೆಯಾ ನೋಡಿ, ಆಮೇಲೆ ಫೈಲ್ ತೆರೆಯಿರಿ

ಆಫರ್ ಬಂತು, ಒಪ್ಪಿದಿರಿ. ಈಗ ಕಾಂಟ್ರಾಕ್ಟ್ ಪುಟಕ್ಕೆ ಹೋಗಿ ಮೊದಲ ಮೈಲ್‌ಸ್ಟೋನ್ ಪಕ್ಕ ಏನು ಬರೆದಿದೆ ನೋಡಿ. `Active & Funded` ಅಂತ ಇದ್ದರೆ ದುಡ್ಡು ಬಿದ್ದಿದೆ, ಕೆಲಸ ಶುರು ಮಾಡಬಹುದು. `Awaiting Funding` ಅಂತ ಇದ್ದರೆ ಬಿದ್ದಿಲ್ಲ.

ಜನ ಹೆಚ್ಚಾಗಿ ಎಡವುವುದು ಎರಡನೇ ಮೈಲ್‌ಸ್ಟೋನ್‌ನಲ್ಲಿ. ಮೊದಲನೆಯದು ಸಲೀಸಾಗಿ ಆಗಿರುತ್ತದೆ, 200 ಡಾಲರ್ ಬಿಡುಗಡೆ ಆಗಿರುತ್ತದೆ, ಕ್ಲೈಂಟ್ ಖುಷಿಯಾಗಿರುತ್ತಾರೆ, ನೀವೂ ಅದೇ ಹುಮ್ಮಸ್ಸಿನಲ್ಲಿ ಮುಂದಿನ ಪುಟ ಕಟ್ಟಲು ಕೂತಿರುತ್ತೀರಿ. ಆದರೆ ಮೊದಲನೆಯದು ಮುಗಿದ ತಕ್ಷಣ ಎರಡನೆಯದಕ್ಕೆ ದುಡ್ಡು ತಾನಾಗಿಯೇ ಬೀಳುವುದಿಲ್ಲ. ಪ್ರತಿ ಸಲವೂ ಕ್ಲೈಂಟೇ ಹಾಕಬೇಕು. ಕಾಂಟ್ರಾಕ್ಟ್ ಚಾಲೂ ಇದೆ ಅಂತ ತೋರಿಸುತ್ತಿದ್ದರೂ ಮೈಲ್‌ಸ್ಟೋನ್ ಖಾಲಿ ಇರಬಹುದು. ಆಗ ನೀವು ಕಟ್ಟುವ 400 ಡಾಲರ್ ಕೆಲಸಕ್ಕೆ ಹಿಂದೆ ಏನೂ ಆಧಾರವಿಲ್ಲ.

ಕೇಳಲು ಮುಜುಗರ ಪಡಬೇಡಿ. ಹೀಗೆ ಬರೆದರೆ ಸಾಕು: "ಡಿಸೈನ್ ಒಪ್ಪಿದ್ದಕ್ಕೆ ಧನ್ಯವಾದ. ಎರಡನೇ ಮೈಲ್‌ಸ್ಟೋನ್‌ಗೆ ದುಡ್ಡು ಹಾಕಿದ ದಿನವೇ ಪುಟಗಳ ಕೆಲಸ ಶುರು ಮಾಡುತ್ತೇನೆ, ಅಲ್ಲಿಂದ ಹತ್ತು ದಿನಕ್ಕೆ ಸ್ಟೇಜಿಂಗ್ ಲಿಂಕ್ ಕೊಡುತ್ತೇನೆ." ಇದರಲ್ಲಿ ಬೇಡಿಕೆಯೂ ಇದೆ, ಅವರಿಗೆ ಬೇಕಾದ ದಿನಾಂಕವೂ ಇದೆ. ನೀವು ಹೇಳಿದ ಗಡುವು ದುಡ್ಡು ಬಿದ್ದ ದಿನದಿಂದ ಶುರುವಾಗುತ್ತದೆ ಅನ್ನುವುದೂ ಸ್ಪಷ್ಟವಾಯಿತು.

"ಶುರು ಮಾಡಿ, ನಾಳೆ ಹಾಕುತ್ತೇನೆ" ಅಂತ ಬಂದರೆ ನಾಳೆಯೇ ಶುರು ಮಾಡಿ. ಇನ್ನೊಂದು ಥರ ಇದೆ, ಅದಕ್ಕೆ ಜಾಸ್ತಿ ಎಚ್ಚರ ಬೇಕು. ನಿಮ್ಮ ಇಮೇಲ್‌ಗೆ "ಎಸ್ಕ್ರೋದಲ್ಲಿ ದುಡ್ಡು ಬಂದಿದೆ" ಅಂತ ಒಂದು ಸಂದೇಶ, ಜೊತೆಗೊಂದು ಲಿಂಕ್. ಅದನ್ನು ಒತ್ತಬೇಡಿ. ನೀವೇ ಬ್ರೌಸರ್‌ನಲ್ಲಿ ಸೈಟ್ ತೆರೆದು ಲಾಗಿನ್ ಆಗಿ ಕಾಂಟ್ರಾಕ್ಟ್ ಪುಟದಲ್ಲಿ ನೋಡಿ, ಅಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಹಾಗೆಯೇ "ದುಡ್ಡು ಬಿಡುಗಡೆ ಮಾಡಲು ನೀವು ಮೊದಲು ಇಷ್ಟು ಠೇವಣಿ ಕಟ್ಟಬೇಕು" ಅಂತ ಯಾವ ಕ್ಲೈಂಟ್ ಹೇಳಿದರೂ ಅದು ಮೋಸ. ನಿಮಗೆ ಬರಬೇಕಾದ ದುಡ್ಡು ಬಿಡುಗಡೆಯಾಗಲು ನೀವು ಕ್ಲೈಂಟ್‌ಗೆ ಠೇವಣಿ ಕಟ್ಟುವ ಎಸ್ಕ್ರೋ ಅಂತ ಯಾವುದೂ ಇಲ್ಲ.

ನಾಲ್ಕನೇ ಹೆಜ್ಜೆ: ಚಾಟ್‌ನಲ್ಲಿ ಕಳಿಸುವುದು ಸಲ್ಲಿಸುವುದಲ್ಲ

ಕೆಲಸ ಮುಗಿಯಿತು. ಲಿಂಕನ್ನು ಚಾಟ್‌ನಲ್ಲಿ ಹಾಕಿ "ನೋಡಿ ಹೇಳಿ" ಅಂದಿರಿ. ಕ್ಲೈಂಟ್ "ಸೂಪರ್" ಅಂದರು. ಎರಡು ವಾರ ಕಳೆದರೂ ದುಡ್ಡು ಬರಲಿಲ್ಲ. ಯಾಕೆಂದರೆ ಗಡಿಯಾರ ಶುರುವೇ ಆಗಿಲ್ಲ.

ಮೈಲ್‌ಸ್ಟೋನ್ ಪಕ್ಕದಲ್ಲಿ `Submit Work for Payment` ಅಂತ ಬಟನ್ ಇರುತ್ತದೆ. ಅದನ್ನು ಒತ್ತಿ, ಫೈಲ್ ಅಥವಾ ಲಿಂಕ್ ಸೇರಿಸಿ, ಸಣ್ಣ ವಿವರಣೆ ಬರೆದು ಕಳಿಸಿದ ಮೇಲೇ ಲೆಕ್ಕ ಶುರು. ಅಪ್‌ವರ್ಕ್‌ನಲ್ಲಿ ಅಲ್ಲಿಂದ ಕ್ಲೈಂಟ್‌ಗೆ 14 ದಿನ ಸಿಗುತ್ತದೆ. ಆ ಅವಧಿಯಲ್ಲಿ ಅವರು ಒಪ್ಪಬಹುದು ಅಥವಾ ಬದಲಾವಣೆ ಕೇಳಬಹುದು. ಎರಡೂ ಮಾಡದೆ ಸುಮ್ನೆ ಇದ್ದರೆ 14 ದಿನದ ಕೊನೆಗೆ ದುಡ್ಡು ತಾನಾಗಿಯೇ ನಿಮ್ಮ ಕಡೆಗೆ ಬಿಡುಗಡೆಯಾಗುತ್ತದೆ. ಕ್ಲೈಂಟ್ ನಾಪತ್ತೆಯಾದಾಗ ನಿಮ್ಮನ್ನು ಉಳಿಸುವುದು ಈ ಒಂದು ನಿಯಮ. ಆದರೆ ಬಟನ್ ಒತ್ತಿದ್ದರೆ ಮಾತ್ರ.

ಸಲ್ಲಿಸುವಾಗ ಬರೆಯುವ ವಿವರಣೆಯಲ್ಲಿ ಕಾಂಟ್ರಾಕ್ಟ್‌ನಲ್ಲಿದ್ದ ಸಾಲುಗಳನ್ನೇ ಒಂದೊಂದಾಗಿ ತೆಗೆದುಕೊಂಡು ಉತ್ತರ ಕೊಡಿ. ಮೂರನೇ ಮೈಲ್‌ಸ್ಟೋನ್‌ಗೆ ಹೀಗೆ: "ಫಾರ್ಮ್ ಸಂಪರ್ಕ ಪುಟದಲ್ಲಿದೆ, ಲಿಂಕ್ ಇಲ್ಲಿದೆ. ಆರೂ ಖಾನೆ ಇವೆ. ಇವತ್ತು ಬೆಳಿಗ್ಗೆ ತುಂಬಿ ನೋಡಿದೆ, ಕ್ಲಿನಿಕ್ ವಿಳಾಸಕ್ಕೆ ಬಂದ ಇಮೇಲ್‌ನ ಸ್ಕ್ರೀನ್‌ಶಾಟ್ ಹಾಕಿದ್ದೇನೆ. ಫೋನ್ ಖಾಲಿ ಬಿಟ್ಟಾಗ ಬರುವ ಎಚ್ಚರಿಕೆಯ ಸ್ಕ್ರೀನ್‌ಶಾಟ್ ಕೂಡ ಇದೆ." ಓದುವವರಿಗೆ ತಾಳೆ ನೋಡಲು ಎರಡು ನಿಮಿಷ ಸಾಕು. ಹಾಗೆ ಸುಲಭವಾಗಿದ್ದರೆ ಕ್ಲೈಂಟ್‌ಗಳು ಬೇಗ ಒಪ್ಪುತ್ತಾರೆ. ತಡವಾಗುವುದು ಬಹಳ ಸಲ ಕೆಟ್ಟ ಬುದ್ಧಿಯಿಂದಲ್ಲ, ಎಲ್ಲಿಂದ ನೋಡಬೇಕು ಅಂತ ಗೊತ್ತಾಗದೆ ಆಮೇಲೆ ನೋಡೋಣ ಅಂತ ಮುಚ್ಚಿಟ್ಟಿರುತ್ತಾರೆ.

ಕ್ಲೈಂಟ್ ಬದಲಾವಣೆ ಕೇಳಿದರೆ ಆ 14 ದಿನದ ಎಣಿಕೆ ನಿಲ್ಲುತ್ತದೆ. ತಿದ್ದಿ ನೀವು ಮತ್ತೆ ಸಲ್ಲಿಸಿದಾಗ ಹೊಸದಾಗಿ ಶುರುವಾಗುತ್ತದೆ. ಇದನ್ನೂ ಜನ ಮರೆಯುತ್ತಾರೆ. ತಿದ್ದಿದ ಫೈಲನ್ನು ಚಾಟ್‌ನಲ್ಲಿ ಕಳಿಸಿ ಬಟನ್ ಒತ್ತದೆ ಬಿಡುತ್ತಾರೆ. ಪ್ರತಿ ಸಲವೂ ಒತ್ತಬೇಕು.

ಎಲ್ಲ ಪ್ಲಾಟ್‌ಫಾರ್ಮ್‌ಗಳಲ್ಲೂ ಹೀಗೆಯೇ ಅಂದುಕೊಳ್ಳಬೇಡಿ. ಫೈವರ್‌ನಲ್ಲಿ ಡೆಲಿವರಿ ಕೊಟ್ಟಮೇಲೆ ಖರೀದಿದಾರರು ಸುಮ್ಮನಿದ್ದರೆ 3 ದಿನಕ್ಕೆ ಆರ್ಡರ್ ಮುಗಿದಂತೆ. ಫ್ರೀಲಾನ್ಸರ್ ಡಾಟ್ ಕಾಮ್‌ನಲ್ಲಿ ಮೈಲ್‌ಸ್ಟೋನನ್ನು ಕ್ಲೈಂಟ್ ಒತ್ತಿ ಬಿಡುಗಡೆ ಮಾಡಬೇಕು, ಸುಮ್ಮನಿದ್ದರೆ ದುಡ್ಡು ಬರುವುದಿಲ್ಲ. ಈ ದಿನಗಳ ಲೆಕ್ಕ ಆಗಾಗ ಬದಲಾಗುತ್ತದೆ, ಹಾಗಾಗಿ ಆಫರ್ ಒಪ್ಪುವ ಮೊದಲು ಆಯಾ ಪ್ಲಾಟ್‌ಫಾರ್ಮ್‌ನ ಸಹಾಯ ಪುಟದಲ್ಲಿ ಒಂದು ಸಲ ನೋಡಿಕೊಳ್ಳಿ.

ಐದನೇ ಹೆಜ್ಜೆ: ಕೈಗೆ ಬರುವ ದಿನದ ಲೆಕ್ಕ

ಬಿಡುಗಡೆಯಾದ ದುಡ್ಡು ತಕ್ಷಣ ತೆಗೆಯಲು ಸಿಗುವುದಿಲ್ಲ. ಅಪ್‌ವರ್ಕ್ ಅದನ್ನು 5 ದಿನ ತಡೆದಿಡುತ್ತದೆ. ಕ್ಲಿನಿಕ್ ಕೆಲಸದ ಎರಡನೇ ಮೈಲ್‌ಸ್ಟೋನನ್ನು ತಿಂಗಳ 1ನೇ ತಾರೀಕು ಸಲ್ಲಿಸಿದಿರಿ ಅಂದುಕೊಳ್ಳಿ. ಕ್ಲೈಂಟ್ ಏನೂ ಹೇಳಲಿಲ್ಲ. 15ಕ್ಕೆ ತಾನಾಗಿ ಬಿಡುಗಡೆ. 20ಕ್ಕೆ ತೆಗೆಯಲು ಸಿಗುತ್ತದೆ. ಅಲ್ಲಿಂದ ನಿಮ್ಮ ಬ್ಯಾಂಕಿಗೆ ಬರಲು ಇನ್ನೂ ಕೆಲವು ದಿನ. ಅಂದರೆ ಮುಗಿದ ಕೆಲಸಕ್ಕೂ ಕೈಗೆ ಸಿಗುವ ದುಡ್ಡಿಗೂ ನಡುವೆ ಮೂರು ವಾರಕ್ಕಿಂತ ಜಾಸ್ತಿ. ಕ್ಲೈಂಟ್ ಮರುದಿನವೇ ಒಪ್ಪಿದರೆ ಅದು ಒಂಬತ್ತು ಹತ್ತು ದಿನಕ್ಕೆ ಇಳಿಯುತ್ತದೆ. ಮನೆ ಬಾಡಿಗೆ, ಇಎಂಐ ಇದರ ಮೇಲೆ ನಿಂತಿದ್ದರೆ ಯಾವಾಗಲೂ ಆ ಉದ್ದದ ಲೆಕ್ಕವನ್ನೇ ಹಿಡಿಯಿರಿ.

400 ಡಾಲರ್ ಪೂರ್ತಿ ಬರುವುದೂ ಇಲ್ಲ. ಪ್ಲಾಟ್‌ಫಾರ್ಮ್ ತನ್ನ ಶುಲ್ಕ ಕಡಿದುಕೊಳ್ಳುತ್ತದೆ. ಆ ಶುಲ್ಕ 10 ಪರ್ಸೆಂಟ್ ಇದ್ದರೆ 40 ಡಾಲರ್ ಹೋಗಿ 360 ಉಳಿಯುತ್ತದೆ, ಅದರ ಮೇಲೆ ತೆರಿಗೆ ಮತ್ತು ಡಾಲರನ್ನು ರೂಪಾಯಿ ಮಾಡುವ ಖರ್ಚು ಬೇರೆ. ನಿಮ್ಮ ಕಾಂಟ್ರಾಕ್ಟ್‌ಗೆ ಎಷ್ಟು ಅಂತ ಪ್ರಪೋಸಲ್ ಹಾಕುವಾಗಲೇ ತೋರಿಸುತ್ತದೆ. ಮೊತ್ತ ಒಪ್ಪುವ ಮೊದಲು ಅದನ್ನು ನೋಡಿ, ಆಮೇಲೆ ನೋಡಿ ಪ್ರಯೋಜನವಿಲ್ಲ.

ಹೊಸ ಕೆಲಸ ಬಂದಾಗ

ಮೂರನೇ ಮೈಲ್‌ಸ್ಟೋನ್ ನಡುವೆ ಕ್ಲೈಂಟ್ ಬರೆಯುತ್ತಾರೆ: "ಫಾರ್ಮ್ ಚೆನ್ನಾಗಿದೆ, ಗೂಗಲ್ ಕ್ಯಾಲೆಂಡರ್‌ಗೂ ಜೋಡಿಸಿಬಿಡಿ." ನಿಮ್ಮ "ಸೇರಿಲ್ಲ" ಪಟ್ಟಿಯಲ್ಲಿ ಅದಿದೆ. ಆಗುವುದಿಲ್ಲ ಅಂತ ಮುಖಕ್ಕೆ ಹೊಡೆದಂತೆ ಹೇಳುವುದೂ ಬೇಡ, ಆಯ್ತು ಅಂತ ಸುಮ್ನೆ ಮಾಡಿಕೊಡುವುದೂ ಬೇಡ. ಮೊದಲು ಈಗಿನ ಮೈಲ್‌ಸ್ಟೋನನ್ನು ಒಪ್ಪಿದ ಪಟ್ಟಿಯಂತೆ ಸಲ್ಲಿಸಿ. ಆಮೇಲೆ ಬರೆಯಿರಿ: "ಕ್ಯಾಲೆಂಡರ್ ಜೋಡಿಸಿಕೊಡಬಹುದು. ಅದು ಮೂರನೇ ಮೈಲ್‌ಸ್ಟೋನ್‌ನಲ್ಲಿ ಇಲ್ಲ, ಹಾಗಾಗಿ 120 ಡಾಲರ್‌ಗೆ ಹೊಸ ಮೈಲ್‌ಸ್ಟೋನ್ ಸೇರಿಸೋಣ, ದುಡ್ಡು ಹಾಕಿದ ಮೇಲೆ ನಾಲ್ಕು ದಿನದ ಕೆಲಸ."

ಹಳೆಯ ಮೈಲ್‌ಸ್ಟೋನ್ ಒಳಗೇ ಹೊಸ ಕೆಲಸ ಸೇರಿಸಿಕೊಂಡರೆ ಏನಾಗುತ್ತದೆ ನೋಡಿ. ಫಾರ್ಮ್ ಮುಗಿದಿದ್ದರೂ ಕ್ಯಾಲೆಂಡರ್ ಆಗುವ ತನಕ 250 ಡಾಲರ್ ಒಳಗೇ ಸಿಕ್ಕಿಕೊಳ್ಳುತ್ತದೆ. ಕ್ಯಾಲೆಂಡರ್‌ನಲ್ಲಿ ಏನಾದರೂ ಕೆಟ್ಟರೆ ಫಾರ್ಮ್‌ನ ದುಡ್ಡಿಗೂ ತಕರಾರು ಬರುತ್ತದೆ. ಮುಗಿದದ್ದನ್ನು ಮುಗಿಸಿ ಬೇರೆ ಇಡುವುದರಲ್ಲಿ ಕ್ಲೈಂಟ್‌ಗೂ ಲಾಭ ಇದೆ, ಯಾವುದಕ್ಕೆ ಎಷ್ಟು ಕೊಟ್ಟೆ ಅಂತ ಅವರಿಗೂ ಗೊತ್ತಾಗುತ್ತದೆ.

ಐದು ನಿಮಿಷದ ಕೆಲಸ, ಒಂದು ಬಣ್ಣ ಬದಲಿಸುವುದು, ಒಂದು ಫೋನ್ ನಂಬರ್ ತಿದ್ದುವುದು, ಇದಕ್ಕೆಲ್ಲ ಮೈಲ್‌ಸ್ಟೋನ್ ಅಂತ ಕೂರಬೇಡಿ. ಅಷ್ಟು ಮಾಡಿಕೊಟ್ಟರೆ ಚೆಂದ.

ಜಗಳ ಬಂದರೆ

ಕ್ಲೈಂಟ್ ಕಾಂಟ್ರಾಕ್ಟ್ ನಿಲ್ಲಿಸಿ ಎಸ್ಕ್ರೋದಲ್ಲಿರುವ ದುಡ್ಡು ವಾಪಸ್ ಕೇಳಬಹುದು. ಆಗ ನಿಮಗೆ ಸೂಚನೆ ಬರುತ್ತದೆ, ಉತ್ತರ ಕೊಡಲು 7 ದಿನ ಇರುತ್ತದೆ. ಇಲ್ಲಿ ನಿಮ್ಮ ಮೌನ ನಿಮಗೇ ವಿರುದ್ಧ. 14 ದಿನ ಕ್ಲೈಂಟ್ ಸುಮ್ಮನಿದ್ದರೆ ದುಡ್ಡು ನಿಮಗೆ ಬರುವ ಹಾಗೆಯೇ, ಈ 7 ದಿನ ನೀವು ಸುಮ್ಮನಿದ್ದರೆ ದುಡ್ಡು ಅವರಿಗೆ ವಾಪಸ್ ಹೋಗುತ್ತದೆ. ಮದುವೆ, ಜಾತ್ರೆ ಅಂತ ಊರಿಗೆ ಹೋಗಿ ವಾರಗಟ್ಟಲೆ ಇಮೇಲ್ ನೋಡದಿದ್ದರೆ ಮುಗಿದ ಕೆಲಸದ ದುಡ್ಡು ಹೋಗಿಬಿಡಬಹುದು. ದುಡ್ಡು ಎಸ್ಕ್ರೋದಲ್ಲಿ ಇರುವಷ್ಟು ದಿನ ಫೋನ್‌ನಲ್ಲಿ ಸೂಚನೆಗಳನ್ನು ಆನ್ ಇಡಿ.

ನೀವು ಒಪ್ಪುವುದಿಲ್ಲ ಅಂದರೆ ಅದು ಮಧ್ಯಸ್ಥಿಕೆಗೆ ಹೋಗುತ್ತದೆ. ಅಲ್ಲಿರುವವರು ತೀರ್ಪು ಕೊಡುವುದಿಲ್ಲ, ಇಬ್ಬರನ್ನೂ ಒಂದು ಒಪ್ಪಂದಕ್ಕೆ ತರಲು ನೋಡುತ್ತಾರೆ. ಬಗೆಹರಿಯದಿದ್ದರೆ ಹೊರಗಿನ ಪಂಚಾಯ್ತಿದಾರರ ಹತ್ತಿರ ಹೋಗಬಹುದು, ಅದಕ್ಕೆ ಎರಡೂ ಕಡೆಯವರು ಶುಲ್ಕ ಕಟ್ಟಬೇಕು. 250 ಡಾಲರ್‌ಗೆ ಅದು ಸಾಮಾನ್ಯವಾಗಿ ಗಿಟ್ಟುವುದಿಲ್ಲ. ಹಾಗಾಗಿ ಚಿಕ್ಕ ಮೈಲ್‌ಸ್ಟೋನ್‌ಗಳ ಜಗಳ ಹೆಚ್ಚಾಗಿ ಮಧ್ಯಸ್ಥಿಕೆಯಲ್ಲೇ ಮುಗಿಯುತ್ತದೆ. ಅಲ್ಲಿ ನಿಮ್ಮ ಕೈ ಹಿಡಿಯುವುದು ನೀವು ಬರೆದ ಆ ಐದು ಸಾಲು ಮತ್ತು ಸಲ್ಲಿಸಿದಾಗ ಹಾಕಿದ ಸ್ಕ್ರೀನ್‌ಶಾಟ್‌ಗಳು.

ವಾಟ್ಸಾಪ್‌ಗೆ ಬನ್ನಿ ಅಂತ ಕ್ಲೈಂಟ್ ಕರೆದರೆ ಹೋಗಬಾರದು ಅನ್ನುವುದು ಈ ಕಾರಣಕ್ಕೇ. ಪ್ಲಾಟ್‌ಫಾರ್ಮ್‌ನ ಚಾಟ್‌ನಲ್ಲಿ ಇರುವುದನ್ನು ಮಧ್ಯಸ್ಥಿಕೆಯವರು ನೇರವಾಗಿ ನೋಡಬಹುದು. ವೀಡಿಯೋ ಕಾಲ್‌ನಲ್ಲಿ ಏನಾದರೂ ಒಪ್ಪಿದ್ದರೆ ಕಾಲ್ ಮುಗಿದ ಕೂಡಲೇ ಚಾಟ್‌ನಲ್ಲಿ ಎರಡು ಸಾಲು ಹಾಕಿ: "ಈಗ ಮಾತಾಡಿದಂತೆ ಫಾರ್ಮ್‌ನಲ್ಲಿ ಟಿಪ್ಪಣಿ ಖಾನೆ ತೆಗೆಯುತ್ತೇನೆ, ಉಳಿದದ್ದು ಹಾಗೆಯೇ." ಅವರು ಸರಿ ಅಂದರೆ ಅದೇ ದಾಖಲೆ.

ಜಗಳದಲ್ಲಿ ಪೂರ್ತಿ ಗೆಲ್ಲಬೇಕು ಅಂತ ಹಟ ಹಿಡಿಯಬೇಡಿ. ಪಟ್ಟಿಯಲ್ಲಿದ್ದ ಒಂದು ಅಂಶ ನಿಜವಾಗಿ ಆಗಿಲ್ಲದಿದ್ದರೆ ಅದಕ್ಕೆ ತಕ್ಕಷ್ಟು ಬಿಟ್ಟು ಉಳಿದದ್ದು ಕೇಳಿ. ಒಪ್ಪಿಗೆ ಇಮೇಲ್ ಹೋಗುತ್ತಿಲ್ಲ ಅಂದರೆ 250ರಲ್ಲಿ 50 ಬಿಟ್ಟು 200 ಬಿಡುಗಡೆ ಮಾಡಿ ಅನ್ನುವುದು ಯಾರಿಗಾದರೂ ನ್ಯಾಯ ಅನಿಸುತ್ತದೆ. ದುಡ್ಡು ಬಿಡುಗಡೆಯಾದ ಮೇಲೂ ಕ್ಲೈಂಟ್‌ಗೆ 30 ದಿನದ ಒಳಗೆ ತಕರಾರು ಎತ್ತಲು ಅವಕಾಶ ಇದೆ ಅನ್ನುವುದೂ ನೆನಪಿರಲಿ, ಹಾಗಾಗಿ ಕಡತಗಳನ್ನು ಅಷ್ಟು ದಿನವಾದರೂ ಅಳಿಸಬೇಡಿ.

ಕ್ಲೈಂಟ್ ಇಲ್ಲೇ ಇದ್ದರೆ, ನಡುವೆ ಯಾರೂ ಇಲ್ಲದಿದ್ದರೆ

ಬೆಂಗಳೂರಿನ ಕಂಪನಿಯೊಂದು ನೇರವಾಗಿ ಕೆಲಸ ಕೊಟ್ಟಿದೆ, ಪ್ಲಾಟ್‌ಫಾರ್ಮ್ ಇಲ್ಲ. ನಲವತ್ತು ಐವತ್ತು ಸಾವಿರದ ಕೆಲಸಕ್ಕೆ ಬ್ಯಾಂಕಿನಲ್ಲಿ ಎಸ್ಕ್ರೋ ಖಾತೆ ತೆರೆಸುವುದು ಆಗುಹೋಗುವ ಮಾತಲ್ಲ. ಆಗ ಎಸ್ಕ್ರೋ ಮಾಡುವ ಕೆಲಸವನ್ನು ಹಂತ ಹಂತದ ಮುಂಗಡದಿಂದ ಮಾಡಿಸಬೇಕು. ಮೊದಲ ತುಂಡಿನ ದುಡ್ಡು ಬಂದಮೇಲೆ ಮೊದಲ ತುಂಡು, ಎರಡನೆಯದರ ದುಡ್ಡು ಬಂದಮೇಲೆ ಎರಡನೆಯದು. ಇಲ್ಲಿ ಅಪಾಯ ಕ್ಲೈಂಟ್ ಕಡೆ ವಾಲುತ್ತದೆ, ದುಡ್ಡು ಮೊದಲೇ ನಿಮ್ಮ ಕೈಗೆ ಬರುವುದರಿಂದ. ಅದಕ್ಕೆ ತುಂಡುಗಳು ಇನ್ನೂ ಚಿಕ್ಕದಾಗಿರಲಿ. ಮುಂಗಡ ಪೂರ್ತಿ ಕೊಡಲು ಒಪ್ಪದಿದ್ದರೆ ಪ್ರತಿ ತುಂಡಿಗೂ ಅರ್ಧ ಮೊದಲು, ಅರ್ಧ ಆ ತುಂಡು ಒಪ್ಪಿಸಿದ ಮೇಲೆ, ಅದು ಬರದೆ ಮುಂದಿನ ತುಂಡು ಶುರುವಿಲ್ಲ.

ಕೊಟ್ಟ ಮೇಲೆ ದುಡ್ಡು ಬರದಿದ್ದರೆ ಒಂದು ಕಾನೂನು ಇದೆ, ನಮ್ಮವರು ಇದನ್ನು ಬಳಸುವುದು ಕಡಿಮೆ. ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ದಿಮೆಗಳಿಗೆ ಅಂತ ಮಾಡಿದ 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆ. ಸರ್ಕಾರದ ಉದ್ಯಮ್ ನೋಂದಣಿ ಇರುವ ಸೂಕ್ಷ್ಮ ಅಥವಾ ಸಣ್ಣ ಉದ್ದಿಮೆ ಸೇವೆ ಕೊಟ್ಟರೂ ಅದು ಅನ್ವಯಿಸುತ್ತದೆ. ನೋಂದಣಿ ಆನ್‌ಲೈನ್‌ನಲ್ಲಿ, ಆಧಾರ್ ಮೇಲೆ, ಉಚಿತವಾಗಿ ಆಗುತ್ತದೆ, ಒಬ್ಬರೇ ಕೆಲಸ ಮಾಡುವವರೂ ಮಾಡಿಸಬಹುದು. ಕೆಲಸ ಹಿಡಿಯುವ ಮೊದಲೇ ಮಾಡಿಸಿಡಿ, ಬಾಕಿ ಬಿದ್ದ ಮೇಲೆ ಮಾಡಿಸಿದರೆ ಹಳೆಯ ಬಿಲ್‌ಗೆ ಅದು ಕೆಲಸಕ್ಕೆ ಬರದೇ ಹೋಗಬಹುದು.

ಆ ಕಾಯ್ದೆಯ ಪ್ರಕಾರ ಬರೆದ ಒಪ್ಪಂದದಲ್ಲಿ ಎಷ್ಟೇ ದಿನ ಅಂತ ಇದ್ದರೂ ಪಾವತಿ 45 ದಿನ ಮೀರುವಂತಿಲ್ಲ. ಆ ದಿನಗಳನ್ನು ಎಣಿಸುವುದು ಒಪ್ಪಿಗೆಯಾದ ದಿನದಿಂದ. ಒಪ್ಪಿಗೆ ಅಂದರೇನು ಅನ್ನುವುದನ್ನೂ ಕಾಯ್ದೆಯೇ ಹೇಳುತ್ತದೆ: ಕೊಟ್ಟ 15 ದಿನದೊಳಗೆ ಖರೀದಿದಾರರು ಬರವಣಿಗೆಯಲ್ಲಿ ಆಕ್ಷೇಪ ಹೇಳದಿದ್ದರೆ ಕೊಟ್ಟ ದಿನವೇ ಒಪ್ಪಿದಂತೆ. ಅಪ್‌ವರ್ಕ್‌ನ 14 ದಿನಕ್ಕೆ ಹತ್ತಿರದ್ದೇ ಆಯಿತಲ್ಲ. ಹಾಗಾಗಿ ಇಲ್ಲಿಯೂ ಒಪ್ಪಿಸಿದ ದಿನಕ್ಕೆ ದಾಖಲೆ ಬೇಕು. ಪ್ರತಿ ತುಂಡು ಮುಗಿದಾಗ ಒಂದು ಇಮೇಲ್ ಕಳಿಸಿ, ಅದರಲ್ಲಿ ಲಿಂಕ್, ಪಟ್ಟಿಯ ಸಾಲುಗಳಿಗೆ ಉತ್ತರ, ಜೊತೆಗೆ ಬಿಲ್ ಇರಲಿ. ಬಿಲ್ ಮೇಲೆ ಉದ್ಯಮ್ ನಂಬರ್ ಹಾಕಿ.

45 ದಿನ ದಾಟಿದರೆ ರಿಸರ್ವ್ ಬ್ಯಾಂಕ್ ಹೇಳುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೊಡಬೇಕಾಗುತ್ತದೆ, ಲೆಕ್ಕ ತಿಂಗಳಿಗೊಮ್ಮೆ. ಕೊಡದಿದ್ದರೆ ರಾಜ್ಯದ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳ ಫೆಸಿಲಿಟೇಶನ್ ಕೌನ್ಸಿಲ್‌ಗೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಅಲ್ಲಿ ಬೇಗ ಆಗುತ್ತದೆ ಅಂತ ಅಂದುಕೊಳ್ಳಬೇಡಿ. ಆದರೆ ಅರ್ಜಿಗೆ ಮೊದಲು ಕಂಪನಿಯ ಅಕೌಂಟ್ಸ್ ವಿಭಾಗಕ್ಕೆ ಈ ಕಾಯ್ದೆಯ 15 ಮತ್ತು 16ನೇ ಸೆಕ್ಷನ್ ಹೆಸರಿಸಿ, ಒಪ್ಪಿಸಿದ ದಿನಾಂಕ ಹಾಕಿ, ಮರ್ಯಾದೆಯಿಂದ ಒಂದು ಇಮೇಲ್ ಬರೆಯಿರಿ. ಕೆಲಸ ಕೊಟ್ಟವರಿಗೆ ಬರೆಯುವುದಕ್ಕಿಂತ ಅಕೌಂಟ್ಸ್‌ಗೆ ಬರೆಯುವುದು ಮೇಲು. ಸೂಕ್ಷ್ಮ, ಸಣ್ಣ ಉದ್ದಿಮೆಗೆ ಸಮಯಕ್ಕೆ ಕೊಡದೆ ಹಣಕಾಸು ವರ್ಷದ ಕೊನೆಗೂ ಬಾಕಿ ಉಳಿಸಿದ ದುಡ್ಡನ್ನು ಆ ವರ್ಷದ ಖರ್ಚಾಗಿ ತೋರಿಸಲು ಆಗುವುದಿಲ್ಲ ಅನ್ನುವ ಆದಾಯ ತೆರಿಗೆ ನಿಯಮ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ, ಮಾರ್ಚ್ ಹತ್ತಿರ ಬಂದಾಗ ಇನ್ನೂ ಚೆನ್ನಾಗಿ.